ಕಾಗದದಲ್ಲಿ ತಾಯಿಯ ಹೆಸರು, ನಿಯಮದಲ್ಲಿ ಹೆಂಡತಿಯ ಹಕ್ಕು: ಅರವತ್ತಕ್ಕೆ ಮೊದಲೇ ತೀರಿಕೊಂಡವನ ಅಟಲ್ ಪಿಂಚಣಿ

2024ರ ಡಿಸೆಂಬರ್ ಮೊದಲ ವಾರ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ನಮ್ಮ ಮನೆಯ ಜಗಲಿಗೆ ಬಂದರು. ಅತ್ತೆಯ ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆ, ಅದರೊಳಗೆ ಇನ್ನೊಂದು ಕೊಟ್ಟೆ, ಅದರೊಳಗೆ ಮಗನ ಪಾಸ್‌ಬುಕ್. ಉಪ್ಪು ಗಾಳಿಗೆ ಅದರ ಹಾಳೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಕೋಲಾ ಕಡೆಯ ಕಡಲಂಚಿನ ಒಂದು ಕೇರಿಯವರು ಅವರು. ಮಗ ಕಾರವಾರದ ಬೈತಖೋಲ ಬಂದರಿನಲ್ಲಿ ಪಾಲಿನ ಲೆಕ್ಕದಲ್ಲಿ ಬೋಟಿಗೆ ಹೋಗುತ್ತಿದ್ದ ಖಲಾಸಿ. ಆಗಸ್ಟ್ ಒಂದಕ್ಕೆ ಮೀನುಗಾರಿಕೆ ಶುರುವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ, ಎದೆನೋವು ಬಂತು. ಉಡುಪಿ ಜಿಲ್ಲೆಯ ಆಸ್ಪತ್ರೆಗೆ ಒಯ್ದರು, ಅಲ್ಲೇ ತೀರಿಕೊಂಡ. ಅವನಿಗೆ 37 ವರ್ಷ. ಹೆಂಡತಿಗೆ 32, ಮಗನಿಗೆ ಐದು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಊರವರ ಕಾಗದ ಪತ್ರ ನೋಡಿಕೊಡುತ್ತೇನೆ. ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು, ಹಾಗಾಗಿ ಅತ್ತೆ, ಸೊಸೆ ಎಂದೇ ಹೇಳುತ್ತೇನೆ.

ಅವರ ಪ್ರಶ್ನೆ ಒಂದೇ ವಾಕ್ಯದ್ದು. "ಅವ ತಿಂಗ್ಳ ತಿಂಗ್ಳ ಪಿಂಚಣಿಗೆ ಕಟ್ತಾ ಇದ್ದ. ಆ ದುಡ್ಡು ಯಾರಿಗೆ ಬತ್ತದೆ ಅಣ್ಣಾ?"

ಪಾಸ್‌ಬುಕ್ ಬಿಡಿಸಿ ನೋಡಿದೆ. 2017ರ ಜುಲೈಯಿಂದ ಪ್ರತಿ ತಿಂಗಳೂ 347 ರೂಪಾಯಿ ಅಟಲ್ ಪಿಂಚಣಿ ಯೋಜನೆಗೆ ಕಡಿತವಾಗಿದೆ. 347 ಎಂಬ ಅಂಕಿ ಕಂಡ ಕೂಡಲೇ ಅರ್ಧ ಕತೆ ತಿಳಿಯುತ್ತದೆ. ಈ ಯೋಜನೆಯಲ್ಲಿ ಸೇರುವಾಗಿನ ವಯಸ್ಸು, ಬೇಕಾದ ಪಿಂಚಣಿ ಎರಡರ ಮೇಲೆ ಕಂತು ನಿಗದಿಯಾಗುತ್ತದೆ. 30 ವರ್ಷಕ್ಕೆ ಸೇರಿ, 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಬೇಕು ಎಂದವನ ಕಂತು 347. ಅಂದರೆ ಅವನು 2047ರ ಮಾರ್ಚಿನವರೆಗೆ ಕಟ್ಟಬೇಕಿತ್ತು. ಕಟ್ಟಿದ್ದು ಏಳು ವರ್ಷ ಚಿಲ್ಲರೆ.

ಕೆಲವು ವರ್ಷ ಜೂನ್, ಜುಲೈ ತಿಂಗಳ ಸಾಲುಗಳು ಖಾಲಿ ಇದ್ದವು. ಆ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಸಮುದ್ರಕ್ಕೆ ಇಳಿಯಲು ನಿಷೇಧ, ಪಾಲು ಬರುವುದಿಲ್ಲ, ಖಾತೆಯಲ್ಲಿ ಹಣ ಇರುವುದಿಲ್ಲ. ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಹಣ ಬಿದ್ದ ಕೂಡಲೇ ಬಾಕಿ ಕಂತುಗಳು ಒಟ್ಟಿಗೆ ಕಡಿತವಾಗಿವೆ, ಜತೆಗೆ ತಡವಾದದ್ದಕ್ಕೆ ಕಂತಿಗೆ ತಿಂಗಳಿಗೆ ನಾಲ್ಕು ರೂಪಾಯಿಯಂತೆ. ನೂರು ರೂಪಾಯಿಗೆ ಅಥವಾ ಅದರ ಭಾಗಕ್ಕೆ ಒಂದು ರೂಪಾಯಿ ಎಂಬುದು ಅದರ ಲೆಕ್ಕ. ಅದೂ ಅವನ ಪಿಂಚಣಿ ನಿಧಿಗೇ ಸೇರುತ್ತದೆ, ಬೇರೆ ಯಾರ ಪಾಲಿಗೂ ಹೋಗುವುದಿಲ್ಲ. ಮಳೆಗಾಲದ ಈ ಖಾಲಿ ಸಾಲು ನೋಡಿ "ಖಾತೆ ಸತ್ತುಹೋಗಿದೆ" ಎಂದು ಕೈಬಿಟ್ಟವರನ್ನು ಕಂಡಿದ್ದೇನೆ. ಹಾಗೆ ಬಿಡಬಾರದು.

ಐದು ಲಕ್ಷದ ಮಾತು

ಕೇರಿಯಲ್ಲಿ ಯಾರೋ ಐದು ಲಕ್ಷ ಬರುತ್ತದೆ ಎಂದಿದ್ದರು. ತೀರಿಕೊಂಡವನ ಅಣ್ಣ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸುಳ್ಳು ಸುದ್ದಿ ಅದಲ್ಲ, ಅರ್ಧ ಸುದ್ದಿ. 3,000 ರೂಪಾಯಿ ಪಿಂಚಣಿಯ ಖಾತೆಯಲ್ಲಿ ಸದಸ್ಯನೂ ಹೋಗಿ ಆಮೇಲೆ ಅವನ ಹೆಂಡತಿಯೂ ಹೋದ ಬಳಿಕ ನಾಮಿನಿಗೆ 5.1 ಲಕ್ಷ ರೂಪಾಯಿ ಬರುತ್ತದೆ ಎಂದು ಯೋಜನೆಯ ಕೋಷ್ಟಕದಲ್ಲಿ ಅಚ್ಚಾಗಿದೆ. ಆದರೆ ಅದು 60 ತುಂಬುವವರೆಗೆ ಎಲ್ಲ ಕಂತು ಕಟ್ಟಿ ಪೂರ್ತಿಯಾದ ಖಾತೆಯ ಲೆಕ್ಕ. 60ಕ್ಕೆ ಮೊದಲೇ ಸದಸ್ಯ ತೀರಿಕೊಂಡರೆ ಹಿಂದಕ್ಕೆ ಸಿಗುವುದು ಆ ದಿನದವರೆಗೆ ಖಾತೆಯಲ್ಲಿ ಬೆಳೆದಿರುವ ಮೊತ್ತ ಮಾತ್ರ: ಕಟ್ಟಿದ ಕಂತು, ಅದನ್ನು ಹೂಡಿದ್ದರಿಂದ ಬಂದ ಗಳಿಕೆ, ಅದರಲ್ಲಿ ನಿರ್ವಹಣಾ ಶುಲ್ಕ ಕಳೆದು. ಅಟಲ್ ಪಿಂಚಣಿ ಜೀವವಿಮೆ ಅಲ್ಲ. ಸತ್ತರೆ ಇಷ್ಟು ಎಂಬ ಮೊತ್ತ ಅದರಲ್ಲಿ ಇಲ್ಲ.

ಇದನ್ನು ಹೇಳುವಾಗ ನನಗೂ ಕಷ್ಟವಾಯಿತು. ಅತ್ತೆ ಏನೂ ಮಾತಾಡಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತರು.

ಅದೇ ಪಾಸ್‌ಬುಕ್‌ನಲ್ಲಿ ಇನ್ನೊಂದು ಸಾಲು ಹುಡುಕಿದೆ. ಬ್ಯಾಂಕಿನಲ್ಲಿ ಅಟಲ್ ಪಿಂಚಣಿಯ ಜತೆಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೂ ಸೇರಿಸುವುದು ರೂಢಿ. ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ತೀರಿಕೊಂಡರೂ ಎರಡು ಲಕ್ಷ. ಜೂನ್ ಒಂದರಿಂದ ಮರು ವರ್ಷದ ಮೇ 31ರವರೆಗೆ ಅದರ ರಕ್ಷಣೆ, ಕಂತು ಮೇ ಕೊನೆಯಲ್ಲಿ ಕಡಿತ. 2023ರ ಮೇ ತಿಂಗಳಲ್ಲಿ 436 ಕಡಿತವಾದ ಸಾಲು ಇತ್ತು. 2024ರ ಮೇ ತಿಂಗಳಲ್ಲಿ ಇಲ್ಲ. ಖಾತೆಯಲ್ಲಿ ಆಗ ಉಳಿದಿದ್ದದ್ದು 190 ರೂಪಾಯಿ. ಅವನು ತೀರಿಕೊಂಡದ್ದು ಆಗಸ್ಟಿನಲ್ಲಿ. ಆ ಹಾಳೆಯನ್ನು ಎರಡೆರಡು ಸಲ ತಿರುಗಿಸಿ ನೋಡಿದೆ. ಯಾರ ಮನೆಯಲ್ಲಿ ಸಾವಾದರೂ ಪಾಸ್‌ಬುಕ್‌ನ ಮೇ, ಜೂನ್ ಸಾಲುಗಳನ್ನು ಮೊದಲು ನೋಡಿ ಎಂದು ಹೇಳುವುದು ಇದಕ್ಕೇ. ಕೆಲವೊಮ್ಮೆ ಇಲ್ಲಿಯಂತೆ ಇಲ್ಲದಿರುವುದು ತಿಳಿಯುತ್ತದೆ, ಕೆಲವೊಮ್ಮೆ ಮನೆಯವರಿಗೇ ಗೊತ್ತಿಲ್ಲದ ಎರಡು ಲಕ್ಷ ಸಿಗುತ್ತದೆ.

ನಾಮಿನಿ ತಾಯಿ, ಆದರೆ ಖಾತೆ ಯಾರದು?

ಇವರು ನನ್ನಲ್ಲಿಗೆ ಬರುವ ಮೊದಲೇ ಶಾಖೆಗೆ ಹೋಗಿ ಬಂದಿದ್ದರು. ಅಲ್ಲಿ ಕಂಪ್ಯೂಟರ್ ನೋಡಿ, "ನಾಮಿನಿ ತಾಯಿ ಇದ್ದಾರೆ, ದುಡ್ಡು ಅವರಿಗೇ ಹೋಗ್ತದೆ, ಈ ಫಾರ್ಮ್ ತುಂಬಿ ತನ್ನಿ" ಎಂದು ಕಳಿಸಿದ್ದರು. ಕೊಟ್ಟಿದ್ದು ಸದಸ್ಯನ ಮರಣದಿಂದ ಖಾತೆ ಮುಚ್ಚುವ ಫಾರ್ಮ್. ಅತ್ತೆಯ ಹೆಬ್ಬೆಟ್ಟು ಆಗಲೇ ಬಿದ್ದಿತ್ತು, ಸಲ್ಲಿಸುವುದೊಂದೇ ಬಾಕಿ.

ಆ ಫಾರ್ಮ್ ಅಂದು ಸಲ್ಲಿಕೆಯಾಗಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು, ಸೊಸೆಗೆ ತನಗೊಂದು ಹಕ್ಕಿತ್ತು ಎಂಬುದೂ ಗೊತ್ತಾಗುತ್ತಿರಲಿಲ್ಲ.

2017ರಲ್ಲಿ ಸೇರುವಾಗ ಅವನಿಗೆ ಮದುವೆಯಾಗಿರಲಿಲ್ಲ. ಮದುವೆಯಾಗದವನು ಯಾರನ್ನು ಬೇಕಾದರೂ ನಾಮಿನಿ ಮಾಡಬಹುದು, ಅವನು ತಾಯಿಯನ್ನು ಮಾಡಿದ. 2018ರಲ್ಲಿ ಮದುವೆಯಾಯಿತು. ಮದುವೆಯಾದ ಮೇಲೆ ಹೆಂಡತಿಯ ವಿವರವನ್ನು ಖಾತೆಗೆ ಸೇರಿಸಬೇಕು ಎಂಬುದು ಯೋಜನೆಯ ನಿಯಮ. ಸೇರಿಸುವವರು ಎಷ್ಟು ಜನ? ಬೋಟಿನಿಂದ ಇಳಿದು ಮಲಗಿ ಎದ್ದು ಮತ್ತೆ ಬೋಟಿಗೆ ಹೋಗುವವನಿಗೆ ಅದಕ್ಕಾಗಿ ಒಂದು ದಿನ ಶಾಖೆಗೆ ಹೋಗಬೇಕು ಎಂದು ಹೇಳಿದವರೂ ಇರಲಿಲ್ಲ.

ಆದರೆ ವಿವರ ಸೇರಿಸದಿದ್ದರೆ ಹೆಂಡತಿಯ ಹಕ್ಕು ಹೋಗುವುದಿಲ್ಲ. ಅಟಲ್ ಪಿಂಚಣಿಯಲ್ಲಿ ಮದುವೆಯಾದ ಸದಸ್ಯನಿಗೆ ಸಂಗಾತಿಯೇ ತಾನಾಗಿ ನಾಮಿನಿ. ಈ ಯೋಜನೆಯನ್ನೂ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್ಸನ್ನೂ ನೋಡಿಕೊಳ್ಳುವುದು ಒಂದೇ ನಿಯಂತ್ರಕ ಸಂಸ್ಥೆ, ಪಿಎಫ್‌ಆರ್‌ಡಿಎ. ಎನ್‌ಪಿಎಸ್‌ನಿಂದ ಹೊರಬರುವ ಬಗ್ಗೆ ಅದು 2015ರಲ್ಲಿ ಮಾಡಿದ ನಿಯಮಗಳಲ್ಲಿ ಇದನ್ನು ಇನ್ನೂ ನೇರವಾಗಿ ಬರೆದಿದೆ: ಮದುವೆಯಾದ ಮೇಲೆ ಹೊಸದಾಗಿ ನಾಮಿನಿ ಬರೆಸಬೇಕು, ಮದುವೆಗೆ ಮುಂಚೆ ಬರೆಸಿದ್ದು ಅನೂರ್ಜಿತ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. 60ಕ್ಕೆ ಮೊದಲು ಸದಸ್ಯ ತೀರಿಕೊಂಡಾಗ ಯೋಜನೆ ಮೊದಲು ಕೇಳುವ ಪ್ರಶ್ನೆ "ಹಣ ಯಾರಿಗೆ" ಎಂಬುದಲ್ಲ. "ಸಂಗಾತಿ ಖಾತೆಯನ್ನು ಮುಂದುವರಿಸುತ್ತಾರೋ" ಎಂಬುದು. ಹೆಂಡತಿ ಬಯಸಿದರೆ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಂಡು, ಗಂಡ ಬದುಕಿದ್ದರೆ ಅವನಿಗೆ 60 ತುಂಬುತ್ತಿದ್ದ ದಿನದವರೆಗೆ ಅದೇ ಕಂತನ್ನು ಕಟ್ಟಬಹುದು. ಆಮೇಲೆ ಅವನಿಗೆ ಬರಬೇಕಿದ್ದ ಅಷ್ಟೇ ಪಿಂಚಣಿ ಅವಳಿಗೆ ಜೀವನಪರ್ಯಂತ. ಬೇಡ ಎಂದರೆ ಮಾತ್ರ ಮೊತ್ತ ವಾಪಸು. ಮೊತ್ತವನ್ನು ಯಾರಿಗಾದರೂ ಕೊಟ್ಟು ಖಾತೆ ಮುಚ್ಚಿದರೆ ಮುಂದುವರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಹೆಂಡತಿಯನ್ನು ಕೇಳದೆ ತಾಯಿಗೆ ಹಣ ಕೊಡುವುದೆಂದರೆ ಕೈತಪ್ಪುವುದು ಇವತ್ತಿನ ಮೊತ್ತವೊಂದೇ ಅಲ್ಲ, ಮುಂದಿನ ಪಿಂಚಣಿಯೂ.

ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ. ಅವರು ಕೇಳಿದ್ದು, "ಹಂಗಾರೆ ಈ ಹೆಬ್ಬೆಟ್ಟು ಎಂತಕ್ಕೆ ಒತ್ತಿಸ್ಕಂಡ್ರು?" ಉತ್ತರ ನನ್ನಲ್ಲಿ ಇರಲಿಲ್ಲ. ಫಾರ್ಮನ್ನು ಮಡಚಿ ಅವರ ಕೈಗೇ ಕೊಟ್ಟೆ, ಅವರೇ ಹರಿದರು.

ಒಂದೇ ಪಾಸ್‌ಬುಕ್, ಎರಡು ದಾರಿ

ಇಲ್ಲಿ ಒಂದು ಗೊಂದಲವನ್ನು ನಿಧಾನವಾಗಿ ಬಿಡಿಸಬೇಕು, ಶಾಖೆಯಲ್ಲಿ ತಪ್ಪಾದದ್ದು ಇದರಿಂದಲೇ ಎಂದು ನನ್ನ ಅಂದಾಜು. ಒಂದು ಪಾಸ್‌ಬುಕ್‌ನಲ್ಲಿ ಕಾಣುತ್ತಿದ್ದರೂ ಉಳಿತಾಯ ಖಾತೆಯೇ ಬೇರೆ, ಪಿಂಚಣಿ ಖಾತೆಯೇ ಬೇರೆ. ಪಿಂಚಣಿ ಖಾತೆಗೆ ಪ್ರಾನ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ ಇರುತ್ತದೆ, ಅದರ ದಾಖಲೆ ಬ್ಯಾಂಕಿನ ಹೊರಗೆ ಕೇಂದ್ರ ದಾಖಲೆ ಸಂಸ್ಥೆಯಲ್ಲಿ. ಬ್ಯಾಂಕು ಕಂತು ಕಡಿದು ಕಳಿಸುವ, ಅರ್ಜಿ ತೆಗೆದುಕೊಳ್ಳುವ ಮಧ್ಯದವರು.

ಎರಡಕ್ಕೂ ಬೇರೆ ಬೇರೆ ನಾಮಿನಿ ಇರುತ್ತಾರೆ. ಇವನು ಎರಡರಲ್ಲೂ ತಾಯಿಯ ಹೆಸರನ್ನೇ ಬರೆಸಿದ್ದ. ಉಳಿತಾಯ ಖಾತೆಯ ನಾಮಿನಿಗೆ ಬ್ಯಾಂಕಿಂಗ್ ಕಾನೂನು ಅನ್ವಯ, ಅದರಲ್ಲಿ ಮದುವೆಯಾಯಿತು ಎಂದು ನಾಮಿನಿ ಬದಲಾಗುವುದಿಲ್ಲ. ಹಾಗಾಗಿ ಉಳಿತಾಯ ಖಾತೆಯಲ್ಲಿ ಉಳಿದ ಹಣವನ್ನು ಬ್ಯಾಂಕು ತಾಯಿಯ ಕೈಗೆ ಕೊಡುವುದು ಸರಿಯಾದ ಕ್ರಮವೇ. ಪಿಂಚಣಿ ಖಾತೆಯಲ್ಲಿ ಮೊದಲ ಮಾತು ಹೆಂಡತಿಯದು. ಒಂದೇ ಹೆಸರು ಎರಡು ಕಡೆ ಇದ್ದು, ಎರಡು ಕಡೆ ಬೇರೆ ಬೇರೆ ಫಲ. ಕೌಂಟರಿನಲ್ಲಿ ಕೂತವರು ಉಳಿತಾಯ ಖಾತೆಯ ಅಭ್ಯಾಸವನ್ನು ಪಿಂಚಣಿಗೂ ಹಚ್ಚಿದರು.

ತಾಯಿಯ ಕೈಗೆ ಬಂದ ಉಳಿತಾಯದ ಹಣವೂ ಪೂರ್ತಿ ಅವರದೇ ಆಗಿಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ನಾಮಿನಿ ಎಂದರೆ ಹಣ ಪಡೆದುಕೊಳ್ಳಬಲ್ಲವರು, ಮಾಲೀಕರಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಒಂದು ಜೀವವಿಮೆ ಪ್ರಕರಣದಲ್ಲಿ ಹೇಳಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ, ಹೆಂಡತಿ, ತಾಯಿ ಮೂವರೂ ಮೊದಲ ದರ್ಜೆಯ ವಾರಸುದಾರರು, ಇಲ್ಲಿ ಮೂವರಿಗೂ ಒಂದೊಂದು ಸಮ ಪಾಲು. ಐದು ಲಕ್ಷದ ಮಾತು ಹಿಡಿದಿದ್ದ ಅಣ್ಣನಿಗೆ ಈ ಸಾಲಿನಲ್ಲಿ ಜಾಗವಿಲ್ಲ. ಅದನ್ನು ಅವನಿಗೆ ಹೇಳಿದ್ದು ನಾನಲ್ಲ, ಅವನ ತಾಯಿಯೇ.

ಉಳಿತಾಯ ಖಾತೆಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಸಾವಿನ ಸುದ್ದಿ ಬ್ಯಾಂಕಿಗೆ ಮುಟ್ಟಿರಲಿಲ್ಲ. ಆಗಸ್ಟಿನ ಪಾಲಿನ ಹಣವನ್ನು ಬೋಟಿನ ಮಾಲೀಕರು ಸೆಪ್ಟೆಂಬರಿನಲ್ಲಿ ಖಾತೆಗೆ ಹಾಕಿದ್ದರು. ಹಣ ಇದ್ದದ್ದರಿಂದ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮೂರು ತಿಂಗಳೂ 347 ತಾನಾಗಿ ಕಡಿತವಾಗಿತ್ತು. ಒಟ್ಟು 1,041 ರೂಪಾಯಿ. ಮೂವರು ವಾರಸುದಾರರಿಗೆ ಸೇರಬೇಕಿದ್ದ ಹಣ ಅದು, ಸೊಸೆ ಒಬ್ಬಳ ಆಯ್ಕೆಗೆ ಒಳಪಟ್ಟ ಪಿಂಚಣಿ ಖಾತೆಗೆ ಹೋಗಿಬಿಟ್ಟಿದೆ. ಸಣ್ಣ ಮೊತ್ತವೇ, ಆದರೆ ಮನಸ್ತಾಪ ಇರುವ ಮನೆಯಲ್ಲಿ ಇಷ್ಟೇ ಸಾಕು. ಸಾವಾದ ಮೇಲೆ ಬೇಗ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಎನ್ನುವುದು ಇದಕ್ಕಾಗಿ. ಈ ಮನೆಯಲ್ಲಿ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು, "ಅವನ ದುಡ್ಡು ಅವನ ಕಂತಿಗೆ ಹೋತು, ಬಿಡಿ."

ಹಿಂದಕ್ಕೆ ಪಡೆಯುವುದೋ, ಮುಂದುವರಿಸುವುದೋ

ಈಗ ನಿಜವಾದ ನಿರ್ಧಾರ. ಖಾತೆಯ ವಿವರ ತೆಗೆಸಿದೆವು. ಆ ಮೂರು ಕಂತೂ ಸೇರಿ 89 ಕಂತು ಹೋಗಿದೆ, ಅಂದರೆ ಕಟ್ಟಿದ್ದು 30,883 ರೂಪಾಯಿ. ಗಳಿಕೆ ಸೇರಿ ಖಾತೆಯಲ್ಲಿ ಇದ್ದದ್ದು 41 ಸಾವಿರದ ಆಸುಪಾಸು.

ಮನೆಯಲ್ಲಿ ಕೈಸಾಲ ಇತ್ತು. ಆಸ್ಪತ್ರೆಗೆಂದು ಬೋಟಿನ ಮಾಲೀಕರಿಂದ ತಂದದ್ದು, ಅಕ್ಕಪಕ್ಕದವರಿಂದ ತಂದದ್ದು ಸೇರಿ ಅರವತ್ತು ಸಾವಿರ. ಇಂಥ ಮನೆಗೆ ಹೋಗಿ "ದೂರದ ಪಿಂಚಣಿ ಯೋಚಿಸಿ" ಎನ್ನುವುದು ಸುಲಭದ ಮಾತಲ್ಲ. ಆಡುವವನಿಗೆ ಅದಕ್ಕೆ ಅಧಿಕಾರವೂ ಇಲ್ಲ ಎಂದು ನನಗೆ ಅನಿಸುತ್ತದೆ. ಲೆಕ್ಕ ಹಾಕಿ ತೋರಿಸಬಹುದು, ಅಷ್ಟೇ. ಅದನ್ನೇ ಮಾಡಿದೆ, ಕ್ಯಾಲೆಂಡರಿನ ಹಿಂಬದಿಯಲ್ಲಿ.

ಮುಂದುವರಿಸಿದರೆ 2024ರ ಡಿಸೆಂಬರಿನಿಂದ 2047ರ ಫೆಬ್ರವರಿಯವರೆಗೆ 267 ಕಂತು. 347ರಂತೆ 92,649 ರೂಪಾಯಿ. 2047ರ ಮಾರ್ಚಿನಲ್ಲಿ ಅವನಿಗೆ 60 ತುಂಬುತ್ತಿತ್ತು. ಆಗ ಸೊಸೆಗೆ 54. ಗಮನಿಸಿ, ಅವಳಿಗೆ 60 ಆಗುವವರೆಗೆ ಕಾಯಬೇಕಿಲ್ಲ, ಲೆಕ್ಕ ಗಂಡನ ವಯಸ್ಸಿನದು. 54ಕ್ಕೇ ತಿಂಗಳಿಗೆ 3,000 ರೂಪಾಯಿ ಶುರು.

ಬದಲಿಗೆ 41 ಸಾವಿರ ಪಡೆದು, ಮುಂದೆ ತನ್ನದೇ ಹೊಸ ಖಾತೆ ತೆರೆದರೆ? 32ನೇ ವಯಸ್ಸಿಗೆ ಸೇರುವವರಿಗೆ ಅದೇ 3,000 ರೂಪಾಯಿ ಪಿಂಚಣಿಗೆ ಕಂತು 414. ಅವಳಿಗೆ 60 ತುಂಬುವ 2052ರ ಆಗಸ್ಟ್ ತನಕ 332 ಕಂತು, 1,37,448 ರೂಪಾಯಿ. ಪಿಂಚಣಿ ಶುರುವಾಗುವುದೂ ಐದು ವರ್ಷ ಐದು ತಿಂಗಳು ತಡ. ಆ 65 ತಿಂಗಳ ಪಿಂಚಣಿಯೇ 1,95,000 ರೂಪಾಯಿ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಮುಂದುವರಿಸುವವಳು ಬಿಟ್ಟುಕೊಡುವುದು ಇವತ್ತಿನ 41 ಸಾವಿರ, ಕಟ್ಟುವುದು 92 ಸಾವಿರ, ಕೂಡಿಸಿದರೆ 1.33 ಲಕ್ಷ. ಹೊಸ ಖಾತೆಯವಳು ಕಟ್ಟುವುದು 1.37 ಲಕ್ಷ. ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯವಳಿಗೆ ಪಿಂಚಣಿ ಐದು ವರ್ಷ ಮೊದಲೇ. ಗಂಡ ಮೂವತ್ತಕ್ಕೆ ಸೇರಿ ಗಳಿಸಿಟ್ಟ ಏಳು ವರ್ಷ ಖಾತೆಯೊಳಗೇ ಇದೆ, ವಾಪಸು ಪಡೆದರೆ ಹಣ ಸಿಗುತ್ತದೆ, ಆ ವರ್ಷಗಳು ಸಿಗುವುದಿಲ್ಲ. ಹೆಂಡತಿಗಿಂತ ಗಂಡ ಎಷ್ಟು ದೊಡ್ಡವನೋ ಅಷ್ಟು ಲಾಭ ಮುಂದುವರಿಸುವುದರಲ್ಲಿದೆ. ಹೆಂಡತಿಗೆ 40 ದಾಟಿದ್ದರಂತೂ ಹೊಸ ಖಾತೆಯ ಬಾಗಿಲೇ ಮುಚ್ಚಿರುತ್ತದೆ, ಏಕೆಂದರೆ ಹೊಸದಾಗಿ ಸೇರಲು 18ರಿಂದ 40 ವಯಸ್ಸು. ಗಂಡನ ಖಾತೆಯನ್ನು ಮುಂದುವರಿಸಲು ಆ ತಡೆ ಇಲ್ಲ.

ಇನ್ನೊಂದು ಮಾತು ಅವಳೇ ಕೇಳಿದಳು. "ನನ್ನ ಹೆಸ್ರಲ್ಲಿ ಬೇರೆ ಮಾಡ್ಕಂಡ್ರೆ ಇದು ಹೋಗ್ತದ್ಯಾ?" ಇಲ್ಲ. ಗಂಡನ ಖಾತೆಯಿಂದ ಬರುವ ಪಿಂಚಣಿ, ಅವಳದೇ ಖಾತೆ ಇದ್ದರೂ ಅದಕ್ಕೆ ಹೆಚ್ಚುವರಿಯಾಗಿ ಸಿಗುತ್ತದೆ. ಒಬ್ಬರಿಗೆ ಒಂದೇ ಅಟಲ್ ಪಿಂಚಣಿ ಖಾತೆ ಎಂಬ ನಿಯಮವನ್ನು ಇಲ್ಲಿ ತಂದು ಅಡ್ಡ ಹಾಕುವವರಿದ್ದಾರೆ, ಅದು ಸರಿಯಲ್ಲ.

ಲೆಕ್ಕದ ಇನ್ನೊಂದು ಬದಿಯನ್ನೂ ಮುಚ್ಚಿಡಲಿಲ್ಲ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಇದ್ದಿದ್ದರೆ ನಾನೇ "41 ಸಾವಿರ ತೆಗೆದುಕೊಂಡು ಸಾಲ ತೀರಿಸು" ಎನ್ನುತ್ತಿದ್ದೆ. ಅಂಥ ಬಡ್ಡಿ ಕೆಲವು ವರ್ಷಗಳಲ್ಲಿ ಪಿಂಚಣಿಯ ಲಾಭವನ್ನು ನುಂಗುತ್ತದೆ. ಇವರ ಅದೃಷ್ಟಕ್ಕೆ ಹೆಚ್ಚಿನದು ಬೋಟಿನ ಮಾಲೀಕರ ಹಣ, ಬಡ್ಡಿಯಿಲ್ಲದ್ದು. ಸೊಸೆ ಸ್ವಸಹಾಯ ಸಂಘದಿಂದ ಸಾಲ ಎತ್ತಿ ಅಕ್ಕಪಕ್ಕದವರದ್ದನ್ನು ತೀರಿಸುತ್ತೇನೆ ಎಂದಳು. ಒಣಮೀನು ಮಾರಿ ತಿಂಗಳಿಗೆ 347 ಉಳಿಸಬಲ್ಲೆ ಎಂದೂ ಹೇಳಿದಳು. ಎರಡು ದಿನ ಬಿಟ್ಟು ಬಂದು "ಮುಂದೆ ಕಟ್ತೆ" ಎಂದಳು.

ಅವನು ಅಟಲ್ ಪಿಂಚಣಿಯ ಬದಲು ಶ್ರಮಯೋಗಿ ಮಾನಧನ್ ಯೋಜನೆಯಲ್ಲಿ ಇದ್ದಿದ್ದರೆ ಉತ್ತರ ಸ್ವಲ್ಪ ಬೇರೆ ಇರುತ್ತಿತ್ತು. ನಮ್ಮ ಕರಾವಳಿಯಲ್ಲಿ ಎರಡನ್ನೂ ಜನ "ಮೂರು ಸಾವಿರದ ಪಿಂಚಣಿ" ಎಂದೇ ಕರೆಯುವುದರಿಂದ ಹೇಳುತ್ತಿದ್ದೇನೆ. ಅದರಲ್ಲಿ ಕೆಲಸಗಾರ ಕಟ್ಟಿದಷ್ಟೇ ಹಣವನ್ನು ಕೇಂದ್ರ ಸರ್ಕಾರವೂ ಹಾಕುತ್ತದೆ. 29ಕ್ಕೆ ಸೇರಿದವನ ಕಂತು 100 ರೂಪಾಯಿ. ಅಲ್ಲೂ ಸಂಗಾತಿಗೆ ಮುಂದುವರಿಸುವ ಹಕ್ಕು ಉಂಟು. ಆದರೆ ವಾಪಸು ಪಡೆದರೆ ಸಿಗುವುದು ಸದಸ್ಯ ಕಟ್ಟಿದ ಪಾಲು ಮತ್ತು ಅದರ ಬಡ್ಡಿ ಮಾತ್ರ, ಸರ್ಕಾರದ ಪಾಲು ಕೈಗೆ ಬರುವುದಿಲ್ಲ. ಹಾಗಾಗಿ ಅಲ್ಲಿ ವಾಪಸು ಪಡೆಯುವವರ ನಷ್ಟ ಇನ್ನೂ ದೊಡ್ಡದು. ಪಾಸ್‌ಬುಕ್‌ನಲ್ಲಿ ಕಡಿತವಾದ ಅಂಕಿಯನ್ನೂ ಅದರ ಪಕ್ಕದ ಹೆಸರನ್ನೂ ನೋಡಿ ಯಾವುದು ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು.

ಹೆಂಡತಿ ಎಂದು ತೋರಿಸುವುದು

ಹಕ್ಕು ಇದೆ ಎಂದಾಯಿತು. ತೋರಿಸುವುದು ಹೇಗೆ? ಮದುವೆ ದೇವಸ್ಥಾನದಲ್ಲಿ ಆದದ್ದು, ನೋಂದಣಿ ಇಲ್ಲ. ಅವಳ ಆಧಾರ್‌ನಲ್ಲಿ ಇನ್ನೂ ತಂದೆಯ ಹೆಸರು, ತವರಿನ ವಿಳಾಸ. ಪಿಂಚಣಿ ದಾಖಲೆಯಲ್ಲಿ ಹೆಂಡತಿಯ ಜಾಗ ಖಾಲಿ. ಶಾಖೆಯವರು ಅನುಮಾನಿಸಿದ್ದರಲ್ಲಿ ತಪ್ಪಿಲ್ಲ.

ನಾವು ಕೂಡಿಸಿದ್ದು ಇವು. ಮರಣ ಪ್ರಮಾಣಪತ್ರ, ಅದು ತೀರಿಕೊಂಡ ಊರಿನಲ್ಲಿ ನೋಂದಣಿಯಾಗುವುದರಿಂದ ಉಡುಪಿ ಜಿಲ್ಲೆಯಿಂದ ತರಿಸಬೇಕಾಯಿತು. ಗಂಡ, ಹೆಂಡತಿ, ಅತ್ತೆ, ಮಗು ನಾಲ್ವರೂ ಇರುವ ರೇಷನ್ ಕಾರ್ಡು. ತಂದೆ ತಾಯಿ ಇಬ್ಬರ ಹೆಸರಿರುವ ಮಗುವಿನ ಜನನ ಪ್ರಮಾಣಪತ್ರ. ನನ್ನ ಅನುಭವದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇಂಥ ಮನೆಗಳಲ್ಲಿ ಸಿಗುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆದ, ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ವಿಚಾರಿಸಿ ಹೋದರು, ಹೆಚ್ಚು ದಿನ ಹಿಡಿದದ್ದು ಇದಕ್ಕೇ.

ಇವುಗಳ ಜತೆಗೆ ಅತ್ತೆಯದೊಂದು ಪತ್ರ. ನಿಯಮದ ಪ್ರಕಾರ ಇದು ಬೇಕೇ ಬೇಕು ಎಂದಿಲ್ಲ. ಆದರೆ ದಾಖಲೆಯಲ್ಲಿ ನಾಮಿನಿ ಎಂದು ಹೆಸರಿರುವವರೇ "ನನ್ನ ಮಗನಿಗೆ 2018ರಲ್ಲಿ ಮದುವೆಯಾಗಿದೆ, ಇವಳೇ ಅವನ ಹೆಂಡತಿ, ಪಿಂಚಣಿ ಖಾತೆಯನ್ನು ಅವಳು ಮುಂದುವರಿಸಲು ನನ್ನ ತಕರಾರಿಲ್ಲ" ಎಂದು ಬರೆದುಕೊಟ್ಟರೆ ಕೌಂಟರಿನ ಆಚೆ ಕೂತವರ ಭಯ ಹೋಗುತ್ತದೆ. ನಾನು ಬರೆದೆ, ಅವರಿಗೆ ಎರಡು ಸಲ ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿದರು. ಈ ಸಲ ಏನಕ್ಕೆ ಒತ್ತುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು.

ಅತ್ತೆ ಒಪ್ಪದೇ ಇದ್ದಿದ್ದರೆ? ಆಗಲೂ ಸೊಸೆಯ ಆಯ್ಕೆ ಉಳಿಯುತ್ತಿತ್ತು, ಆದರೆ ದಾರಿ ಉದ್ದ. ಆಗ ಮೊದಲು ಮಾಡಬೇಕಾದ ಕೆಲಸ, ಸದಸ್ಯನಿಗೆ ಹೆಂಡತಿ ಇದ್ದಾಳೆ, ಅವಳನ್ನು ಕೇಳದೆ ಹಣ ಬಿಡುಗಡೆ ಮಾಡಬೇಡಿ ಎಂದು ಶಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಸಹಿ ಪಡೆಯುವುದು. ಬಾಯಿಮಾತಿನಲ್ಲಿ ಹೇಳಿದ್ದು ಶಾಖೆಯಲ್ಲಿ ನಾಳೆಗೆ ಉಳಿಯುವುದಿಲ್ಲ. ಮುಂದುವರಿಸುವ ಕೋರಿಕೆಯನ್ನೂ ಹಾಗೆಯೇ ಪತ್ರದಲ್ಲೇ ಕೊಡಬೇಕು, ಪ್ರಾನ್ ಸಂಖ್ಯೆ, ಗಂಡನಿಗೆ 60 ತುಂಬುವ ದಿನ, ಕಂತಿನ ಮೊತ್ತ ಮೂರನ್ನೂ ಬರೆದು. ಕೌಂಟರಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಕೊಡುವುದು ಮುಚ್ಚುವ ಫಾರ್ಮ್.

ಎರಡನೇ ಸಲ ಶಾಖೆಗೆ ನಾನೂ ಹೋದೆ. ಮ್ಯಾನೇಜರ್ ಹೊಸಬರು, ತಾಳ್ಮೆಯಿಂದ ಕೇಳಿದರು. ಯೋಜನೆಯ ನಿಯಮವನ್ನು ಅವರೇ ಪರದೆಯ ಮೇಲೆ ತೆರೆದು ಓದಿದರು, ತಮ್ಮ ಮೇಲಿನ ಕಚೇರಿಗೆ ಫೋನು ಮಾಡಿ ಖಚಿತ ಮಾಡಿಕೊಂಡರು. ಅದೇ ಶಾಖೆಯಲ್ಲಿ ಸೊಸೆಯ ಹೆಸರಿಗೆ ಉಳಿತಾಯ ಖಾತೆ ತೆರೆಯಿತು. ಗಂಡನ ಉಳಿತಾಯ ಖಾತೆಯಲ್ಲಿ ಉಳಿದಿದ್ದ ಆರು ಸಾವಿರ ಚಿಲ್ಲರೆ ತಾಯಿಯ ಖಾತೆಗೆ ಹೋಯಿತು, ಅವರು ಅದನ್ನು ಮೊಮ್ಮಗನ ಶಾಲೆಯ ಖರ್ಚಿಗೆಂದು ಸೊಸೆಯ ಕೈಗೇ ಕೊಟ್ಟರು.

ಹೊಸ ನಾಮಿನಿ ಯಾರು ಎಂಬ ಜಾಗದಲ್ಲಿ ಮಗನ ಹೆಸರು. ಅಪ್ರಾಪ್ತನಾದ್ದರಿಂದ ಅವನ ಪರವಾಗಿ ಹಣ ಪಡೆಯುವ ಪೋಷಕರ ಹೆಸರೂ ಬೇಕು. ಸೊಸೆ ಒಂದು ಕ್ಷಣವೂ ಯೋಚಿಸದೆ ಅತ್ತೆಯ ಹೆಸರು ಹೇಳಿದಳು.

ಕಾಗದ ಓಡಾಡುವಾಗ ತಪ್ಪಿದ ಕಂತುಗಳು ತಡದ ನಾಲ್ಕು ನಾಲ್ಕು ರೂಪಾಯಿಯೊಂದಿಗೆ ಮಾರ್ಚಿನಲ್ಲಿ ಅವಳ ಖಾತೆಯಿಂದ ಒಟ್ಟಿಗೆ ಕಡಿತವಾದವು. ಮೇ ತಿಂಗಳಲ್ಲಿ ಅವಳು ಪಾಸ್‌ಬುಕ್ ತಂದು ತೋರಿಸಿದಳು. ಆ ತಿಂಗಳ 347 ಹೋಗಿತ್ತು, ಅದರ ಕೆಳಗೆ ಜೀವನ್ ಜ್ಯೋತಿಯ 436 ಕೂಡ. ಖಾತೆಯಲ್ಲಿ 700 ರೂಪಾಯಿ ಉಳಿಸಿದ್ದಳು. ಜೂನ್, ಜುಲೈ ಎರಡು ತಿಂಗಳಿಗೆ ಬೇಕಾಗುವುದು 694.